ನರಿತಾ ಏರ್‌ಪೋರ್ಟಿಂದ ಕ್ಯೋಟೋದ ನಿಜೋ ಸ್ಟೇಷನ್‌ವರೆಗೆ: ಮೂಲ ಟಿಕೆಟ್ಟು, ಎಕ್ಸ್‌ಪ್ರೆಸ್ ಟಿಕೆಟ್ಟು

ಇಳಿದ ದಿನ, ಸಂಜೆ

2024ರ ಮೇ ತಿಂಗಳ ಮಧ್ಯದಲ್ಲಿ ನಾನು, ಅಕ್ಕ ಇಬ್ರೂ ಜಪಾನಿಗೆ ಹೋಗಿದ್ವಿ. ವಿಮಾನ ಇಳಿದಿದ್ದು ನರಿತಾದ ಟರ್ಮಿನಲ್ 3ರಲ್ಲಿ, ನಾವು ಹೋಗಬೇಕಾಗಿದ್ದು ಕ್ಯೋಟೋದ ನಿಜೋ ಅನ್ನೋ ಸ್ಟೇಷನ್ ಹತ್ರದ ಮನೆಗೆ, ಮಧ್ಯ ಸುಮಾರು ಆರುನೂರು ಕಿಲೋಮೀಟರ್ ದಾರಿ. ವಾಪಸ್ ಹೊರಡೋದು ಬೇರೆ ಏರ್‌ಪೋರ್ಟಿಂದ, ಒಸಾಕಾ ಕಡೆಯ ಕಾನ್ಸಾಯಿಂದ. ಇದನ್ನ ಮೊದಲೇ ಹೇಳ್ತಿದೀನಿ ಯಾಕಂದ್ರೆ ಯಾವ ಟಿಕೆಟ್ ತಗೋಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಟರ್ಮಿನಲ್ 3ಕ್ಕೆ ಸ್ವಂತ ರೈಲ್ವೆ ಸ್ಟೇಷನ್ ಇಲ್ಲ. ನೆಲದ ಮೇಲೆ ಓಟದ ಟ್ರ್ಯಾಕ್ ತರ ಕೆಂಪು ನೀಲಿ ಪಟ್ಟಿ ಬಳಿದಿದಾರೆ, ಅದನ್ನೇ ಹಿಡ್ಕೊಂಡು ಟರ್ಮಿನಲ್ 2ರ ಕಡೆ ನಡೀಬೇಕು, ನಡೆಯೋಕೆ ಆಗಲ್ಲ ಅಂದ್ರೆ ಫ್ರೀ ಶಟಲ್ ಬಸ್ ಇದೆ. ನಾವು ಬಸ್ಸಲ್ಲೇ ಹೋದ್ವಿ, ಅಕ್ಕನ ಮಂಡಿ ನೋವು ಜೊತೆಗೆ ಎರಡು ದೊಡ್ಡ ಸೂಟ್‌ಕೇಸ್. ಟರ್ಮಿನಲ್ 2ರ ನೆಲಮಾಳಿಗೆಗೆ ಇಳಿದ್ರೆ ಅಲ್ಲಿ ಎರಡು ರೈಲು ಕಂಪನಿಯವರ ಗೇಟು ಅಕ್ಕಪಕ್ಕದಲ್ಲೇ ಇವೆ, ಒಂದು ಜೆಆರ್, ಅಂದ್ರೆ ಜಪಾನ್ ರೈಲ್ವೇಸ್ ಗುಂಪು, ಇನ್ನೊಂದು ಕೇಸೆಯಿ. ಹೊಸಬರು ಮೊದಲು ತಿಳ್ಕೋಬೇಕಾದ್ದು ಇದೇನೇ. ಎರಡೂ ಟೋಕ್ಯೋಗೆ ಹೋಗ್ತವೆ, ಆದ್ರೆ ಒಬ್ಬರ ಪೇಪರ್ ಟಿಕೆಟ್ಟು ಇನ್ನೊಬ್ಬರ ಗೇಟಲ್ಲಿ ನಡೆಯಲ್ಲ. ಕೇಸೆಯಿಯ ಸ್ಕೈಲೈನರ್ ಗಾಡಿ ಟೋಕ್ಯೋದ ಉಎನೋಗೆ ಬೇಗ ಹೋಗತ್ತೆ, ಆ ಕಡೆ ಉಳ್ಕೊಳ್ಳೋರಿಗೆ ಅದೇ ಸರಿ. ಆದ್ರೆ ಅಲ್ಲಿಂದ ಮುಂದೆ ಶಿಂಕಾನ್ಸೆನ್, ಅಂದ್ರೆ ಬುಲೆಟ್ ರೈಲು, ಹತ್ತೋರು ಜೆಆರ್ ಲೈನಿಗೆ ಬದಲಾಯಿಸಿ, ಹೊಸ ಟಿಕೆಟ್ ಮಾಡಿಸಿ, ಎಲ್ಲಾ ಮೊದಲಿಂದ ಶುರು ಮಾಡಬೇಕು. ನಮಗೆ ಏರ್‌ಪೋರ್ಟಿಂದ ನಿಜೋವರೆಗೂ ಜೆಆರ್ ಹಳಿ ಮೇಲೇ ಹೋಗೋ ದಾರಿ ಇತ್ತು, ಹಾಗಾಗಿ ಜೆಆರ್ ಕೌಂಟರ್ ಕ್ಯೂನಲ್ಲಿ ನಿಂತ್ವಿ.

ಕ್ಯೂನಲ್ಲಿ ಅಕ್ಕ ಕೇಳಿದ್ಲು, "ಲೋ, ರೈಲಿಗೆ ಒಂದು ಟಿಕೆಟ್ ಸಾಕಲ್ವೇನೋ, ಎಲ್ಲರ ಕೈಲೂ ಎರಡೆರಡು ಮೂರುಮೂರು ಚೀಟಿ ಇದಾವಲ್ಲ?"

ಇದೇ ಇಡೀ ವಿಷಯದ ಬೀಗದ ಕೈ ಅನ್ನಬಹುದು. ಜೆಆರ್‌ನವರು ಪ್ರಯಾಣವನ್ನ ಎರಡು ಹಕ್ಕಾಗಿ ಬೇರೆ ಬೇರೆ ಮಾರ್ತಾರೆ. ಒಂದು, ಇಂಥಾ ಊರಿಂದ ಇಂಥಾ ಊರಿಗೆ ಅಷ್ಟು ಕಿಲೋಮೀಟರ್ ಹೋಗೋ ಹಕ್ಕು, ಅದಕ್ಕೆ ಜೋಶಾಕೆನ್ ಅಂತಾರೆ, ನಾನಿಲ್ಲಿ ಮೂಲ ಟಿಕೆಟ್ ಅಂತೀನಿ. ಇನ್ನೊಂದು, ಆ ದಾರೀಲಿ ಓಡೋ ವೇಗದ ಗಾಡಿಗೆ ಹತ್ತೋ ಹಕ್ಕು, ಅದು ತೊಕ್ಕ್ಯೂಕೆನ್, ಅಂದ್ರೆ ಎಕ್ಸ್‌ಪ್ರೆಸ್ ಟಿಕೆಟ್. ಬರೀ ಮೂಲ ಟಿಕೆಟ್ ಇದ್ರೆ ಸಾದಾ ಗಾಡೀಲಿ ನಿಧಾನವಾಗಿ ಪೂರ್ತಿ ದೂರ ಹೋಗಬಹುದು, ಯಾರೂ ಕೇಳಲ್ಲ. ಬರೀ ಎಕ್ಸ್‌ಪ್ರೆಸ್ ಟಿಕೆಟ್ ಇದ್ರೆ ಎಲ್ಲಿಗೂ ಹೋಗೋಕಾಗಲ್ಲ, ಗೇಟೇ ತೆಗೆಯಲ್ಲ. ಮೆಷಿನ್ನಲ್ಲಿ ತಗೊಳ್ಳೋರು ಎಕ್ಸ್‌ಪ್ರೆಸ್ ಮಾತ್ರ ಒತ್ತಿ, ಸೀಟ್ ನಂಬರ್ ಬಂತಲ್ಲ ಆಯ್ತು ಅಂತ ಹೋಗಿ ಗೇಟಲ್ಲಿ ಸಿಕ್ಕಿಹಾಕ್ಕೊಳ್ಳೋದು ಇದಕ್ಕೇ. ಗುರುತಿಸೋದು ಸುಲಭ. ಬೋಗಿ ನಂಬರು, ಸೀಟು, ಹೊರಡೋ ಟೈಮು ಇದ್ರೆ ಅದು ಎಕ್ಸ್‌ಪ್ರೆಸ್ ಟಿಕೆಟ್. ಸೀಟೂ ಇಲ್ಲ ಟೈಮೂ ಇಲ್ಲ, ಎಲ್ಲಿಂದ ಎಲ್ಲಿಗೆ ಅನ್ನೋ ಬಾಣದ ಗುರುತು, ಇಷ್ಟು ದಿನ ನಡೆಯತ್ತೆ ಅನ್ನೋದು ಮಾತ್ರ ಇದ್ರೆ ಅದು ಮೂಲ ಟಿಕೆಟ್.

ಇನ್ನೂ ಒಂದು ಇದೆ. ಎಕ್ಸ್‌ಪ್ರೆಸ್ ಟಿಕೆಟ್ಟು ಗಾಡಿಗೊಂದು ಬೇಕು, ಮೂಲ ಟಿಕೆಟ್ಟು ಮಾತ್ರ ಶುರುವಿಂದ ಕೊನೆವರೆಗೆ ಒಂದೇ ಸಾಕು, ಮಧ್ಯ ಎಷ್ಟು ಗಾಡಿ ಬದಲಾಯಿಸಿದ್ರೂ. ಅದಕ್ಕೆ ಕೌಂಟರಲ್ಲಿ "ಟೋಕ್ಯೋಗೆ ಒಂದು, ಅಲ್ಲಿಂದ ಕ್ಯೋಟೋಗೆ ಒಂದು" ಅಂತ ಕೇಳದೆ, ಏರ್‌ಪೋರ್ಟ್ ಟರ್ಮಿನಲ್ 2 ಸ್ಟೇಷನ್ನಿಂದ ಕ್ಯೋಟೋವರೆಗೆ ಒಂದೇ ಮೂಲ ಟಿಕೆಟ್, ಅದರ ಜೊತೆಗೆ ನರಿತಾ ಎಕ್ಸ್‌ಪ್ರೆಸ್ಸಿಗೆ ಒಂದು, ನೊಜೋಮಿ ಶಿಂಕಾನ್ಸೆನ್ನಿಗೆ ಒಂದು ಅಂತ ಚೀಟೀಲಿ ಇಂಗ್ಲಿಷಲ್ಲಿ ದೊಡ್ಡದಾಗಿ ಬರ್ಕೊಂಡು ಹೋಗಿದ್ದೆ. ತಾರೀಕು ಮಾರನೇ ದಿನದ್ದು. ಕೌಂಟರಲ್ಲಿದ್ದ ಹುಡುಗಿ ಚೀಟಿ ಓದಿ, ಪೆನ್ನಲ್ಲಿ ಒಂದೊಂದೇ ಸಾಲು ಗುರುತು ಮಾಡ್ತಾ ಟೈಪ್ ಮಾಡಿದ್ಲು, ಒಂದು ಮಾತೂ ತಿರುಗಿ ಕೇಳಲಿಲ್ಲ. ಭಾಷೆ ಬರದ ಕಡೆ ಬಾಯಲ್ಲಿ ಹೇಳೋದಕ್ಕಿಂತ ಬರೆದು ತೋರಿಸೋದು ಎಷ್ಟೋ ವಾಸಿ, ಊರಿನ ಹೆಸರು ಕಿವಿಗೆ ತಪ್ಪಾಗಿ ಬೀಳೋ ಭಯ ಇರಲ್ಲ.

ಒಬ್ಬರಿಗೆ ಆಗಿದ್ದು ಮೂಲ ಟಿಕೆಟ್ 9,460 ಯೆನ್, ನರಿತಾ ಎಕ್ಸ್‌ಪ್ರೆಸ್ ಚೀಟಿ 1,730, ನೊಜೋಮಿ ಚೀಟಿ 5,810, ಒಟ್ಟು 17,000 ಯೆನ್. ಬಿಡಿಬಿಡಿಯಾಗಿ ತಗೊಂಡಿದ್ರೆ ಟೋಕ್ಯೋವರೆಗೆ 3,070, ಅಲ್ಲಿಂದ 14,170, ಸೇರಿ 17,240. ಉಳಿದಿದ್ದು 240 ಯೆನ್ ಮಾತ್ರ, ನಾನು ಒಂದೇ ಟಿಕೆಟ್ ಮಾಡಿಸಿದ್ದು ಅದಕ್ಕಲ್ಲ, ಕಾರಣ ಮುಂದೆ ಬರತ್ತೆ. ಇವು ಆಗಿನ ದರ, ಆಮೇಲೆ ಬದಲಾಗಿದಾವೆ, ನೋಡ್ಕೊಂಡು ಹೋಗಿ. ಮತ್ತೆ ನರಿತಾಗೇ ವಾಪಸ್ ಬರೋರಾಗಿದ್ರೆ ನಾನು ಹೀಗೆ ಮಾಡ್ತಿರ್ಲಿಲ್ಲ, ವಿದೇಶಿಯರಿಗೆ ಅಂತಲೇ ನರಿತಾ ಎಕ್ಸ್‌ಪ್ರೆಸ್ಸಿನ ಹೋಗಿಬರೋ ಟಿಕೆಟ್ಟು ಆಗ 5,000 ಯೆನ್ನಿಗೆ ಸಿಕ್ತಿತ್ತು, ಅದನ್ನೇ ತಗೋತಿದ್ದೆ.

ಅವತ್ತು ರಾತ್ರಿ ಏರ್‌ಪೋರ್ಟ್ ಹತ್ರಾನೇ ಉಳ್ಕೊಂಡ್ವಿ. ದೂರದ ವಿಮಾನದಿಂದ ಇಳಿದು ಅದೇ ಸಂಜೆ ಟೋಕ್ಯೋ ಸ್ಟೇಷನ್ನಲ್ಲಿ ಗಾಡಿ ಬದಲಾಯಿಸೋದು ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಇಮಿಗ್ರೇಷನ್ ಕ್ಯೂ ಎಷ್ಟು ಹೊತ್ತು ಹಿಡಿಯತ್ತೆ ಅಂತ ಯಾರಿಗೂ ಹೇಳೋಕಾಗಲ್ಲ, ಟೈಮ್ ಬರೆದಿರೋ ಟಿಕೆಟ್ಟನ್ನ ಅದರ ಮೇಲೆ ಕಟ್ಟಬಾರದು.

ಮಾರನೇ ದಿನ, ಟರ್ಮಿನಲ್ 2ರಿಂದ ಟೋಕ್ಯೋ

ಬೆಳಿಗ್ಗೆ ಗೇಟಲ್ಲಿ ಮೂಲ ಟಿಕೆಟ್ ಹಾಕಿದ್ವಿ, ಸರ್ ಅಂತ ಒಳಗೆಳ್ಕೊಂಡು ಆ ಕಡೆ ತುದೀಲಿ ತಲೆ ಎತ್ತಿ ನಿಂತಿತ್ತು. ಅದನ್ನ ಮರೀದೆ ತಗೋಬೇಕು, ಗೇಟ್ ದಾಟೋ ಭರದಲ್ಲಿ ಬಿಟ್ಟು ಹೋಗೋರು ಇರ್ತಾರೆ.

ನರಿತಾ ಎಕ್ಸ್‌ಪ್ರೆಸ್ಸಲ್ಲಿ ಎಲ್ಲಾ ಸೀಟೂ ರಿಸರ್ವ್ಡೇ. ಪ್ರತಿ ಸೀಟಿನ ಮೇಲೆ ಸಣ್ಣ ದೀಪ ಇದೆ, ಹಸಿರು ಇದ್ರೆ ಆ ಸೀಟು ಮಾರಾಟ ಆಗಿದೆ, ಕೆಂಪು ಇದ್ರೆ ಯಾರೂ ತಗೊಂಡಿಲ್ಲ, ಹಳದಿ ಇದ್ರೆ ಮುಂದಿನ ಯಾವುದೋ ಸ್ಟೇಷನ್ನಿಂದ ಯಾರೋ ಬರ್ತಾರೆ. ನಮ್ಮ ಸೀಟಿನ ಮೇಲೆ ಹಸಿರು ಇತ್ತು. ಅಕ್ಕ ಹಸಿರು ಅಂದ್ರೆ ಖಾಲಿ ಅಂದ್ಕೊಂಡಿದ್ಲು, ಯಾರಿಗಾದ್ರೂ ಹಾಗೇ ಅನ್ಸತ್ತೆ, ಇದು ಉಲ್ಟಾ ಅಂತ ನೆನಪಿಟ್ಕೋಬೇಕು. ಬಾಗಿಲ ಹತ್ರ ಸೂಟ್‌ಕೇಸಿಗೆ ರ‍್ಯಾಕ್ ಇದೆ, ನಂಬರ್ ತಿರುಗಿಸಿ ಹಾಕೋ ಬೀಗದ ತಂತಿನೂ ಇದೆ, ನಂಬರನ್ನ ಫೋನಲ್ಲಿ ಫೋಟೋ ತೆಕ್ಕೊಂಡೆ. ಸುಮಾರು ಒಂದು ಗಂಟೆ ಪ್ರಯಾಣ.

ಟೋಕ್ಯೋ ಸ್ಟೇಷನ್ನಲ್ಲಿ ಈ ಗಾಡಿ ನಿಲ್ಲೋದು ನೆಲದಡಿಯ ಐದನೇ ಮಹಡೀಲಿ, ಮರುನೋಉಚಿ ಕಡೆ. ಶಿಂಕಾನ್ಸೆನ್ ಇರೋದು ನೆಲದ ಮೇಲೆ, ಸ್ಟೇಷನ್ನಿನ ಆ ತುದಿ, ಯಾಎಸು ಕಡೆ. ಮ್ಯಾಪಲ್ಲಿ ಎರಡೂ ಒಂದೇ ಸ್ಟೇಷನ್, ಕಾಲಿಗೆ ಮಾತ್ರ ಹಾಗನ್ಸಲ್ಲ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಿ ಸೂಟ್‌ಕೇಸ್ ಎಳ್ಕೊಂಡು ಹದಿನೈದು ನಿಮಿಷ ಆರಾಮಾಗಿ ಹಿಡಿಯತ್ತೆ, ಲಿಫ್ಟ್ ಹುಡುಕೋರಿಗೆ ಇನ್ನೂ ಹೆಚ್ಚು. ಎರಡು ಗಾಡಿ ಮಧ್ಯ ಇಪ್ಪತ್ತು ನಿಮಿಷ ಮಾತ್ರ ಇಟ್ಕೊಂಡು ಟಿಕೆಟ್ ಮಾಡಿಸೋರು ಇದಾರೆ, ನನ್ನ ಪ್ರಕಾರ ಮೊದಲ ಸಲ ಬರೋರು ನಲವತ್ತೈದಾದ್ರೂ ಇಟ್ಕೊಳ್ಳಿ. ನಾವು ಮೂರು ಗಂಟೆ ಇಟ್ಕೊಂಡಿದ್ವಿ, ಅದೂ ಬೇಕಂತಲೇ.

ಒಂದೇ ಮೂಲ ಟಿಕೆಟ್ ತಗೊಂಡಿದ್ದಕ್ಕೆ ಮೊದಲ ಕಾರಣ ಇದು. ಮೂಲ ಟಿಕೆಟ್ಟಿನ ದೂರ 100 ಕಿಲೋಮೀಟರ್ ದಾಟಿದ್ರೆ ಸಾಮಾನ್ಯವಾಗಿ ಮಧ್ಯದ ಸ್ಟೇಷನ್ನಲ್ಲಿ ಹೊರಗೆ ಹೋಗಿ ಮತ್ತೆ ಅದೇ ಟಿಕೆಟ್ಟಲ್ಲಿ ಒಳಗೆ ಬರಬಹುದು. ದೂರ ಹೆಚ್ಚಾದಷ್ಟು ದಿನಾನೂ ಹೆಚ್ಚು ಸಿಗತ್ತೆ, ನಮ್ಮದು 600 ಕಿಲೋಮೀಟರಿಗೆ ಸ್ವಲ್ಪ ಒಳಗೆ, ಅದಕ್ಕೆ ನಾಲ್ಕು ದಿನದ ಅವಧಿ. ಎಕ್ಸ್‌ಪ್ರೆಸ್ ಟಿಕೆಟ್ಟಿಗೆ ಈ ಸೌಲಭ್ಯ ಇಲ್ಲ, ಅದು ಬರೆದಿರೋ ಗಾಡಿಗೆ ಸರಿ, ಇಳಿದ್ರೆ ಮುಗೀತು.

ಸೂಟ್‌ಕೇಸ್ ಇದ್ದಿದ್ರಿಂದ ಸ್ಟಾಫ್ ಕೂತಿರೋ ಅಗಲದ ಗೇಟಿಗೆ ಹೋದ್ವಿ. ಮೂಲ ಟಿಕೆಟ್ಟು, ಮುಗಿದ ನರಿತಾ ಎಕ್ಸ್‌ಪ್ರೆಸ್ ಚೀಟಿ ಎರಡೂ ಕೊಟ್ಟೆ. ಅಕ್ಕ ನನ್ನ ತೋಳು ಹಿಡ್ಕೊಂಡು "ಕ್ಯೋಟೋ ಟಿಕೆಟ್ ಯಾಕೋ ಕೊಡ್ತೀಯ, ಇಟ್ಕೊಂಡ್ಬಿಟ್ರೆ?" ಅಂದ್ಲು. ಆತ ಎಕ್ಸ್‌ಪ್ರೆಸ್ ಚೀಟಿ ತನ್ನ ಹತ್ರ ಇಟ್ಕೊಂಡು, ಮೂಲ ಟಿಕೆಟ್ಟಿನ ಮೂಲೇಲಿ ಸಣ್ಣದೊಂದು ಮುದ್ರೆ ಒತ್ತಿ, ಎರಡೂ ಕೈಲಿ ವಾಪಸ್ ಕೊಟ್ಟ. ಅಕ್ಕ ಆ ಮುದ್ರೇನ ಬೆಳಕಿಗೆ ಹಿಡಿದು ನೋಡಿದ್ಲು, ಇನ್ನೂ ಹಸಿಯಾಗಿತ್ತು, ಬೆರಳಿಗೆ ಸ್ವಲ್ಪ ಮಸಿ ಹತ್ತಿತು.

ಬ್ಯಾಗ್ ಲಾಕರಲ್ಲಿಟ್ಟು ಮರುನೋಉಚಿ ಕಡೆಯ ಕೆಂಪು ಇಟ್ಟಿಗೆ ಕಟ್ಟಡ ನೋಡಿದ್ವಿ. 1914ರಲ್ಲಿ ಶುರುವಾದ ಸ್ಟೇಷನ್, ಯುದ್ಧದಲ್ಲಿ ಹಾಳಾಗಿದ್ದ ಗುಮ್ಮಟಗಳನ್ನ 2012ರಲ್ಲಿ ಮೊದಲಿನ ತರಾನೇ ಮಾಡಿ ನಿಲ್ಲಿಸಿದಾರೆ. ಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿದ್ರೆ ಎಷ್ಟು ಹೊತ್ತಾದ್ರೂ ಸಾಲಲ್ಲ.

ಅದೇ ದಿನ, ಟೋಕ್ಯೋದಿಂದ ಕ್ಯೋಟೋ

ಶಿಂಕಾನ್ಸೆನ್ ಗೇಟು ಇನ್ನೊಂದು ಪರೀಕ್ಷೆ. ಟೋಕ್ಯೋದಲ್ಲಿ ಶಿಂಕಾನ್ಸೆನ್ ಗೇಟು ಎರಡು ಬಣ್ಣದಲ್ಲಿ ಸಿಗತ್ತೆ. ಹಸಿರು ಬೋರ್ಡು ಉತ್ತರದ ಕಡೆ ಹೋಗೋ ಗಾಡಿಗಳಿಗೆ, ಸೆಂಡಾಯ್, ನಾಗಾನೋ ಆ ಕಡೆ. ನೀಲಿ ಬೋರ್ಡು ತೊಕಾಯ್ದೋ ಲೈನಿಗೆ, ಕ್ಯೋಟೋ ಒಸಾಕಾಗೆ, ಪ್ಲಾಟ್‌ಫಾರ್ಮ್ 14ರಿಂದ 19. ಎರಡನ್ನೂ ನಡೆಸೋ ಜೆಆರ್ ಕಂಪನಿಗಳೇ ಬೇರೆ, ಹಾಗಾಗಿ ಗೇಟೂ ಬೇರೆ. "ಶಿಂಕಾನ್ಸೆನ್" ಅಂತ ಬೋರ್ಡ್ ಕಂಡ ತಕ್ಷಣ ನುಗ್ಗದೆ ಬಣ್ಣ ನೋಡಿ.

ಇಲ್ಲಿ ಮೂಲ ಟಿಕೆಟ್ಟು, ನೊಜೋಮಿ ಟಿಕೆಟ್ಟು ಎರಡನ್ನೂ ಒಂದರ ಮೇಲೊಂದು ಇಟ್ಟು ಒಟ್ಟಿಗೆ ಒಂದೇ ಕಿಂಡಿಗೆ ಹಾಕಬೇಕು, ಒಂದಾದ ಮೇಲೆ ಒಂದಲ್ಲ. ಮೆಷಿನ್ ತಾನೇ ಬಿಡಿಸಿ ಓದಿ, ಸಣ್ಣ ತೂತು ಹೊಡೆದು, ಮತ್ತೆ ಎರಡನ್ನೂ ಒಟ್ಟಿಗೆ ಕೊಡತ್ತೆ. ಬರೀ ಒಂದು ಹಾಕಿದ್ರೆ ಬಾಗಿಲು ಮುಚ್ಚಿ ಟಿಂಗ್ ಟಿಂಗ್ ಅನ್ನತ್ತೆ, ಗಾಬರಿ ಬೇಡ, ಹಿಂದೆ ಬಂದು ಎರಡೂ ಸೇರಿಸಿ ಹಾಕಿದ್ರಾಯ್ತು.

ನಮ್ಮ ಮುಂದಿದ್ದ ಗಂಡ ಹೆಂಡತಿ ಇಲ್ಲೇ ನಿಂತುಬಿಟ್ರು. ಅವರು ಏರ್‌ಪೋರ್ಟಲ್ಲಿ ಸುಯಿಕಾ ಅನ್ನೋ, ಮೊದಲೇ ದುಡ್ಡು ತುಂಬಿಸಿಡೋ ಕಾರ್ಡನ್ನ ಟ್ಯಾಪ್ ಮಾಡಿ ಒಳಗೆ ಬಂದಿದ್ರಂತೆ, ಟೋಕ್ಯೋ ಕ್ಯೋಟೋ ಟಿಕೆಟ್ ಬೇರೆ ಪೇಪರಲ್ಲಿತ್ತು. ಪೇಪರ್ ಹಾಕ್ತಾರೆ, ಬಾಗಿಲು ಮುಚ್ಚತ್ತೆ, ಮತ್ತೆ ಹಾಕ್ತಾರೆ, ಮತ್ತೆ ಮುಚ್ಚತ್ತೆ. ಗೇಟಿನ ಪ್ರಕಾರ ಇವರು ಏರ್‌ಪೋರ್ಟಿಂದ ಇಲ್ಲಿಗೆ ಬಂದ ದುಡ್ಡು ಇನ್ನೂ ಕೊಟ್ಟಿಲ್ಲ, ಕಾರ್ಡಲ್ಲಿ "ಒಳಗೆ ಬಂದಿದಾರೆ" ಅನ್ನೋ ದಾಖಲೆ ತೆರೆದೇ ಇದೆ. ಸ್ಟಾಫ್ ಬಂದು ಪೇಪರ್ ಹಾಕಿಸಿ, ಆಮೇಲೆ ಅದೇ ಗೇಟಲ್ಲಿ ಕಾರ್ಡನ್ನೂ ಮುಟ್ಟಿಸೋಕೆ ಹೇಳಿದ, ಬಾಗಿಲು ತೆಗೀತು. ಕಾರ್ಡ್ ಮುಟ್ಟಿಸದೆ ಹೇಗೋ ದಾಟಿಬಿಟ್ಟಿದ್ರೆ ಮುಂದಿನ ಸ್ಟೇಷನ್ನಲ್ಲಿ ಆ ಕಾರ್ಡ್ ನಡೀತಿರ್ಲಿಲ್ಲ, ಸ್ಟಾಫ್ ಹತ್ರ ಸರಿಮಾಡಿಸೋವರೆಗೂ ಕೈಕೊಡತ್ತೆ. ಇನ್ನೊಂದು ವಿಷಯ, ಟೋಕ್ಯೋ ಕಡೆ ಟ್ಯಾಪ್ ಮಾಡಿ ಒಳಗೆ ಬಂದು, ಸಾದಾ ಗಾಡಿ ಬದಲಾಯಿಸ್ತಾ ಹೋಗಿ ಕ್ಯೋಟೋದಲ್ಲಿ ಟ್ಯಾಪ್ ಮಾಡಿ ಹೊರಗೆ ಬರೋದು ಆಗಲ್ಲ. ಕಾರ್ಡ್ ಎರಡೂ ಕಡೆ ನಡೆಯತ್ತೆ ನಿಜ, ಆದ್ರೆ ಒಂದು ವಲಯದಲ್ಲಿ ಶುರು ಮಾಡಿದ ಪ್ರಯಾಣ ಅದೇ ವಲಯದಲ್ಲಿ ಮುಗೀಬೇಕು.

ಸೂಟ್‌ಕೇಸ್ ಬಗ್ಗೆ ಎರಡು ಮಾತು. ತೊಕಾಯ್ದೋ ಶಿಂಕಾನ್ಸೆನ್ನಲ್ಲಿ ಉದ್ದ ಅಗಲ ಎತ್ತರ ಮೂರೂ ಕೂಡಿಸಿ 160 ಸೆಂಟಿಮೀಟರ್ ದಾಟೋ ಬ್ಯಾಗಿದ್ರೆ ಅದಕ್ಕೆ ಜಾಗ ಇರೋ ಸೀಟನ್ನೇ ಮೊದಲೇ ರಿಸರ್ವ್ ಮಾಡಿಸಬೇಕು, ಹೆಚ್ಚು ದುಡ್ಡಿಲ್ಲ, ಆದ್ರೆ ಮಾಡಿಸದೆ ತಂದ್ರೆ 1,000 ಯೆನ್ ಕಟ್ಟಬೇಕಾಗತ್ತೆ. ನಮ್ಮದು ಚಕ್ರ ಹಿಡಿಕೆ ಎಲ್ಲಾ ಸೇರಿಸಿ 157 ಬಂದಿತ್ತು, ಟೇಪ್ ಹಿಡಿದು ಅಳೆದಿದ್ದೆ. ಗಾಡಿ ಎರಡೂಕಾಲು ಗಂಟೆ. ಕ್ಯೋಟೋ ಕಡೆ ಹೋಗೋವಾಗ ಬಲಗಡೆ ಇ ಅಕ್ಷರದ ಕಿಟಕಿ ಸೀಟಲ್ಲಿ ಫ್ಯೂಜಿ ಕಾಣತ್ತೆ, ಅವತ್ತು ಅರ್ಧ ಮೋಡ ಅರ್ಧ ಬೆಟ್ಟ, ಅಕ್ಕನಿಗೆ ಅಷ್ಟೇ ಸಾಕಾಯ್ತು.

ಒಂದೇ ಟಿಕೆಟ್ ತಗೊಂಡಿದ್ದಕ್ಕೆ ಎರಡನೇ ಕಾರಣ ಕ್ಯೋಟೋದಲ್ಲಿ ಇಳಿದ ಮೇಲೆ ಗೊತ್ತಾಗೋದು, ಮತ್ತೆ ಇದು ನನಗೆ ತುಂಬಾ ಇಷ್ಟವಾದ ನಿಯಮ. ನಮ್ಮ ಮೂಲ ಟಿಕೆಟ್ ಮೇಲೆ ಕೊನೆಯ ಜಾಗ ಅಂತ "ಕ್ಯೋಟೋ ಸ್ಟೇಷನ್" ಅಂತ ಇರಲಿಲ್ಲ, "ಕ್ಯೋಟೋ ನಗರದೊಳಗೆ" ಅನ್ನೋ ಅರ್ಥದ ಅಕ್ಷರ ಇತ್ತು. ಕ್ಯೋಟೋದಿಂದ 200 ಕಿಲೋಮೀಟರಿಗಿಂತ ದೂರದಿಂದ ಬರೋರಿಗೆ ನಗರದೊಳಗಿನ ಯಾವ ಜೆಆರ್ ಸ್ಟೇಷನ್ನಿಗೆ ಹೋದ್ರೂ ಅದೇ ದರ. ನಿಜೋ, ಇನಾರಿ, ಸಾಗಾ ಅರಾಶಿಯಾಮಾ ಎಲ್ಲಾ ಅದರೊಳಗೇ ಬರತ್ತೆ. ಆದ್ರೆ ಒಂದು ಷರತ್ತು, ಆ ನಗರದ ಮಿತಿಯೊಳಗೆ ಒಂದು ಸಲ ಹೊರಗೆ ಹೋದ್ರೆ ಟಿಕೆಟ್ ಅಲ್ಲಿಗೇ ಮುಗೀತು, ಟೋಕ್ಯೋದಲ್ಲಿ ಮಾಡಿದ ಹಾಗೆ ಇಲ್ಲಿ ಮಾಡೋಕಾಗಲ್ಲ.

ಅಂದ್ರೆ ಕ್ಯೋಟೋದಲ್ಲಿ ಯಾವ ಗೇಟಿಗೆ ಹೋಗ್ತೀರಿ ಅನ್ನೋದೇ ಮುಖ್ಯ. ಶಿಂಕಾನ್ಸೆನ್ ಇಳಿದ ಜನ ಹೆಚ್ಚಾಗಿ ಸೀದಾ ಹೊರಗೆ ಹೋಗೋ ಗೇಟಿಗೆ ನಡೀತಾರೆ, ಅಲ್ಲಿ ಹಾಕಿದ್ರೆ ಎರಡೂ ಟಿಕೆಟ್ ಮೆಷಿನ್ ಹೊಟ್ಟೆಗೆ. ನಾವು ಬೇರೆ ಲೈನಿಗೆ ಬದಲಾಯಿಸೋ ಗೇಟಿಗೆ ಹೋದ್ವಿ. ಎರಡೂ ಸೇರಿಸಿ ಹಾಕಿದ್ರೆ ನೊಜೋಮಿ ಚೀಟಿ ಮಾತ್ರ ಒಳಗೇ ಉಳೀತು, ಮೂಲ ಟಿಕೆಟ್ ಆ ಕಡೆ ಹೊರಬಂತು. ಅದನ್ನ ಇಟ್ಕೊಂಡು ಪಶ್ಚಿಮದ ತುದೀಲಿರೋ ಸಾಗಾನೋ ಲೈನಿನ ಸಾದಾ ಗಾಡಿ ಹತ್ತಿ ನಿಜೋದಲ್ಲಿ ಇಳಿದ್ವಿ. ನಿಜೋ ಗೇಟು ಟಿಕೆಟ್ ನುಂಗಿ ಸುಮ್ಮನೆ ತೆಗೀತು, ಒಂದು ಯೆನ್ನೂ ಹೆಚ್ಚು ಕೇಳಲಿಲ್ಲ.

ಕ್ಯೋಟೋದಲ್ಲಿ

ಇಲ್ಲಿನ ದಿನಗಳು ದೇವಸ್ಥಾನ ತೋಟ ಅಂತ ಓಡಾಡಿದ್ದು, ಅದು ಈ ಕಥೆಗೆ ಸೇರಲ್ಲ. ಓಡಾಟಕ್ಕೆಲ್ಲಾ ಏರ್‌ಪೋರ್ಟಲ್ಲಿ ತಗೊಂಡಿದ್ದ ವೆಲ್ಕಮ್ ಸುಯಿಕಾ ಕಾರ್ಡೇ ಸಾಕಾಯ್ತು, 28 ದಿನ ನಡೆಯತ್ತೆ, ಡೆಪಾಸಿಟ್ ಇಲ್ಲ, ಉಳಿದ ದುಡ್ಡು ಮಾತ್ರ ವಾಪಸ್ ಕೊಡಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪಾನೇ ತುಂಬಿಸ್ತಿದ್ವಿ.

ಹೊರಡೋ ದಿನ

ನಿಜೋದಿಂದ ಕಾನ್ಸಾಯ್ ಏರ್‌ಪೋರ್ಟಿಗೆ ಹೋಗೋವಾಗ ಲೆಕ್ಕ ಬೇರೆ. ಇದೂ ಹೆಚ್ಚುಕಮ್ಮಿ 100 ಕಿಲೋಮೀಟರ್, ಆದ್ರೆ ಪೂರ್ತಿ ದಾರಿ ಒಸಾಕಾ ಸುತ್ತಲಿನ ಒಂದೇ ವಲಯದೊಳಗೆ, ಇಂಥಾ ವಲಯದಲ್ಲಿ ಶುರುವಾಗಿ ಅದರಲ್ಲೇ ಮುಗಿಯೋ ಮೂಲ ಟಿಕೆಟ್ಟಿಗೆ ಮಧ್ಯ ಹೊರಗೆ ಹೋಗಿ ಬರೋ ಸೌಲಭ್ಯ ಇಲ್ಲ. ಅಂದ್ಮೇಲೆ ಪೇಪರ್ ಮೂಲ ಟಿಕೆಟ್ಟಿಂದ ನಮಗೆ ಲಾಭಾನೇ ಇಲ್ಲ. ಅದಕ್ಕೆ ಮೂಲ ದರಕ್ಕೆ ಕಾರ್ಡ್ ಟ್ಯಾಪ್ ಮಾಡಿ, ಹಾರುಕಾ ಎಕ್ಸ್‌ಪ್ರೆಸ್ಸಿಗೆ ಎಕ್ಸ್‌ಪ್ರೆಸ್ ಟಿಕೆಟ್ ಮಾತ್ರ ತಗೊಂಡ್ವಿ. ಈ ಸಲ ಮೆಷಿನ್ ಮುಂದೆ ನಿಂತಿದ್ದು ಅಕ್ಕ. ಮೆಷಿನ್ನಲ್ಲಿ ಮೂಲ ಟಿಕೆಟ್ಟೂ ಬೇಕಾ ಅಂತ ಆಯ್ಕೆ ಬಂದಾಗ ನನ್ನ ಕಡೆ ತಿರುಗಿ "ಕಾರ್ಡಲ್ಲಿ ಹೋಗತ್ತಲ್ವಾ, ಬೇಡ ಅಂತ ಒತ್ತಲಾ?" ಅಂದ್ಲು. "ಒತ್ತು ಅಕ್ಕ" ಅಂದೆ.

ಹಾರುಕಾ ನಿಲ್ಲೋದು ಕ್ಯೋಟೋ ಸ್ಟೇಷನ್ನಿನ 30ನೇ ಪ್ಲಾಟ್‌ಫಾರ್ಮಲ್ಲಿ, ಮುಖ್ಯ ಗೇಟಿಂದ ತುಂಬಾ ದೂರ, ಹೊರಗಿಂದ ಬರೋರು ಹತ್ತು ನಿಮಿಷ ಮೊದಲೇ ಇರಬೇಕು. ನಿಜೋ ಕಡೆಯಿಂದ ಬರೋರಿಗೆ ಸುಲಭ, ಸಾಗಾನೋ ಲೈನೂ ಅಲ್ಲೇ ಪಕ್ಕದಲ್ಲಿ ಬಂದು ನಿಲ್ಲತ್ತೆ, ಗೇಟ್ ದಾಟೋ ಕೆಲಸಾನೇ ಇಲ್ಲ. ಏರ್‌ಪೋರ್ಟ್ ತಲುಪೋಕೆ ಎಂಬತ್ತು ನಿಮಿಷದ ಆಸುಪಾಸು. ಕಾನ್ಸಾಯಲ್ಲಿ ರೈಲ್ವೆ ಸ್ಟೇಷನ್ ಇರೋದು ಟರ್ಮಿನಲ್ 1ರ ಎದುರಿಗೆ ಮಾತ್ರ. ಟರ್ಮಿನಲ್ 2ರಿಂದ ಹಾರೋರು ಇಳಿದ ಮೇಲೆ ಫ್ರೀ ಶಟಲ್ ಬಸ್ ಹತ್ತಬೇಕು, ಕ್ಯೂ ಸೇರಿಸಿ ಇಪ್ಪತ್ತು ನಿಮಿಷ ಅದಕ್ಕೆ ಬೇರೆ ಎತ್ತಿಡಿ. ನಮ್ಮದು ಟರ್ಮಿನಲ್ 1, ಸೇತುವೆ ದಾಟಿ ಸೀದಾ ಚೆಕ್ ಇನ್ ಕೌಂಟರಿಗೆ ಹೋದ್ವಿ.